ಆರು ದಿನದ ರಜೆ, ಎರಡು ಸೋಪು

ನಮ್ಮ ವಿಭಾಗದಲ್ಲಿ ತಿಂಗಳಿಗೊಮ್ಮೆ ಸೆಮಿನಾರ್ ಹಾಲಿನ ಕಿಟಕಿಗಳಿಗೆ ಬೆಡ್‌ಶೀಟ್ ಕಟ್ಟಿ ಸಿನಿಮಾ ತೋರಿಸುವ ರೂಢಿಯಿದೆ. ಕಳೆದ ವರ್ಷ ಒಂದು ಸಂಜೆ ಎಲೆಮ್ ಕ್ಲಿಮೋವ್‌ನ ‘ಕಮ್ ಅಂಡ್ ಸೀ’ (1985) ಹಾಕಿದ್ದೆವು. ಶುರುವಾದಾಗ ಮೂವತ್ತು ಜನರಿದ್ದರು. ಹಳ್ಳಿಯವರನ್ನೆಲ್ಲ ಒಂದು ಮರದ ಕಟ್ಟಡಕ್ಕೆ ತುಂಬುವ ದೃಶ್ಯ ಬರುವ ಹೊತ್ತಿಗೆ ಬಾಗಿಲು ನಾಲ್ಕೈದು ಸಲ ತೆರೆದು ಮುಚ್ಚಿತ್ತು. ಮುಗಿದಾಗ ಎಣಿಸಿದರೆ ಹದಿಮೂರು ಜನ. ಉಳಿದವರೂ ಏನೂ ಮಾತಾಡಲಿಲ್ಲ. ಚರ್ಚೆಗೆಂದು ತರಿಸಿದ್ದ ಚಹಾ ಫ್ಲಾಸ್ಕಿನಲ್ಲೇ ಉಳಿಯಿತು. ಮರುದಿನ ಎಂ.ಎ. ಹುಡುಗಿಯೊಬ್ಬಳು ಕಾರಿಡಾರಿನಲ್ಲಿ ನಿಲ್ಲಿಸಿ, “ಅಕ್ಕಾ, ಸಿನಿಮಾ ಚೆನ್ನಾಗಿಲ್ಲ ಅಂತಲ್ಲ. ಆದರೆ ನನಗೆ ಆ ಹುಡುಗನ ಬಗ್ಗೆ ಏನೂ ಅನ್ನಿಸಲಿಲ್ಲ, ನನ್ನ ಹೊಟ್ಟೆ ತೊಳಸ್ತಿದ್ದದ್ದಷ್ಟೇ ಗೊತ್ತು” ಎಂದಳು.

ಮುಂದಿನ ಚಿತ್ರವನ್ನು ಆರಿಸುವ ಕೆಲಸ ನನ್ನ ತಲೆಗೆ ಬಂತು. ಯುದ್ಧವನ್ನು ಗಂಭೀರವಾಗಿ ತೆಗೆದುಕೊಂಡಿರಬೇಕು, ಜನ ಕೊನೆಯವರೆಗೂ ಕೂರುವಂತಿರಬೇಕು. ಜೊತೆಯ ಸಂಶೋಧಕ ಗೆಳೆಯನಿಗೆ ಈ ಎರಡನೆಯ ಷರತ್ತೇ ಸಿಟ್ಟು ತರಿಸಿತು. “ಕೂತು ನೋಡೋಕಾಗುವ ಹಾಗೆ ಯುದ್ಧ ತೋರಿಸೋದು ಸುಳ್ಳು ಹೇಳಿದ ಹಾಗೆ ಕಣೇ. ಅಲ್ಲಿ ಸತ್ತವರಿಗೆ ಎದ್ದು ಹೋಗೋ ಬಾಗಿಲಿತ್ತಾ?” ಎಂದ. ಅವನ ಮಾತಿಗೆ ಆವತ್ತು ಉತ್ತರ ಹೊಳೆಯಲಿಲ್ಲ. ಈ ಬರಹ ಒಂದು ರೀತಿಯಲ್ಲಿ ಅವನಿಗೇ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲಿಗೆ, ‘ಕಮ್ ಅಂಡ್ ಸೀ’ ನಮ್ಮ ಮೇಲೆ ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ನೋಡಬೇಕು. 1943ರ ಬೆಲರೂಸ್‌ನಲ್ಲಿ ಫ್ಲ್ಯೋರಾ ಎಂಬ ಹುಡುಗ ಬಂದೂಕು ಹಿಡಿದು ಗೆರಿಲ್ಲಾ ಪಡೆ ಸೇರುತ್ತಾನೆ. ಕಾಡಿನ ಮೇಲೆ ಬಾಂಬು ಬಿದ್ದು ಅವನ ಕಿವಿ ಗುಂಯ್‌ಗುಡತೊಡಗಿದಾಗ ಚಿತ್ರದ ಶಬ್ದಪಟ್ಟಿಯೂ ಗುಂಯ್‌ಗುಡುತ್ತದೆ. ಅವನಿಗೆ ಕೇಳಿದ್ದಷ್ಟೇ ನಮಗೂ. ಮುಖಗಳು ನೇರ ಕ್ಯಾಮೆರಾದ ಕಡೆಗೇ ನೋಡುತ್ತವೆ. ದೃಶ್ಯಗಳು ‘ಸಾಕು’ ಅನ್ನಿಸಿದ ಮೇಲೂ ಮುಗಿಯುವುದಿಲ್ಲ. ಚಿತ್ರೀಕರಣದಲ್ಲಿ ನಿಜವಾದ ಗುಂಡುಗಳನ್ನೇ ಬಳಸಿದ್ದರಂತೆ. ಅದು ಗೊತ್ತಿಲ್ಲದವನ ಮೈಯೂ ಏನೋ ಅಪಾಯವಿದೆ ಎಂದು ಬಿಗಿಯುತ್ತದೆ. ಅಂದರೆ ಈ ಚಿತ್ರ ಕೆಲಸ ಮಾಡುವುದು ನೋಡುವವನ ಶರೀರದ ಮೇಲೆ. ಅದು ಅದರ ಸಾಧನೆಯೂ ಹೌದು, ಮಿತಿಯೂ ಹೌದು.

ನಮ್ಮ ಕಾವ್ಯಮೀಮಾಂಸೆಯ ತರಗತಿಗಳಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆಯುವ ಒಂದು ಪಟ್ಟಿಯಿದೆ, ಅಭಿನವಗುಪ್ತ ಹೇಳುವ ಏಳು ರಸವಿಘ್ನಗಳದ್ದು. ಅದರಲ್ಲೊಂದು ‘ನಿಜಸುಖಾದಿವಿವಶೀಭಾವ’: ಪ್ರೇಕ್ಷಕ ತನ್ನದೇ ಸುಖದುಃಖಗಳ ವಶವಾಗಿಬಿಟ್ಟರೆ ಎದುರಿಗಿರುವುದು ಅವನಿಗೆ ದಕ್ಕುವುದಿಲ್ಲ. ಅಭಿನವಗುಪ್ತನ ಮನಸ್ಸಿನಲ್ಲಿದ್ದದ್ದು ಮನೆಯ ಚಿಂತೆಯನ್ನು ಹೊತ್ತು ನಾಟಕಕ್ಕೆ ಬಂದವನು. ಸಾವಿರ ವರ್ಷದ ನಂತರ ನಮ್ಮ ಸಮಸ್ಯೆ ಸ್ವಲ್ಪ ಬೇರೆ. ಕಲಾಕೃತಿಯೇ ಆ ವಿಘ್ನವನ್ನು ಪ್ರೇಕ್ಷಕನೊಳಗೆ ಉಂಟುಮಾಡಬಲ್ಲದು. ಆ ಎಂ.ಎ. ಹುಡುಗಿ ಹೇಳಿದ್ದು ಇದನ್ನೇ. ಅವಳ ಹೊಟ್ಟೆ ಅವಳಿಗೂ ಫ್ಲ್ಯೋರಾನಿಗೂ ನಡುವೆ ಬಂದು ಕೂತಿತ್ತು. ಹಾಗಾಗಿ ‘ಸಹಿಸಬಲ್ಲ ಚಿತ್ರ’ ಎಂದರೆ ಮೃದುವಾದ ಚಿತ್ರ ಎಂದು ನಾನು ಅರ್ಥ ಮಾಡಿಕೊಳ್ಳುವುದಿಲ್ಲ. ನೋಡುವವನ ಗಮನ ತನ್ನ ಮೇಲೇ ತಿರುಗದೆ ಪರದೆಯ ಮೇಲಿನವರ ಹತ್ತಿರವೇ ಉಳಿಯಬಲ್ಲ ಚಿತ್ರ ಅದು. ಹೀಗೆ ಇಟ್ಟುಕೊಂಡರೆ ಅದು ಹೇಡಿತನದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಎರಡು ವಾರ ಸಂಜೆ ಹೊತ್ತು ಒಂದಾದ ಮೇಲೊಂದು ಯುದ್ಧಚಿತ್ರ ನೋಡಿದೆ. ಕೊನೆಗೆ ಎರಡು ಉಳಿದವು: ಗ್ರಿಗೋರಿ ಚುಖ್ರಾಯ್‌ನ ‘ಬ್ಯಾಲೆಡ್ ಆಫ್ ಎ ಸೋಲ್ಜರ್’ (1959) ಮತ್ತು ಇಸಾವೊ ತಕಹಾತಾನ ಅನಿಮೇಷನ್ ಚಿತ್ರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ (1988). ಎರಡೂ ಸುಮಾರು ಒಂದೂವರೆ ಗಂಟೆಯವು. ಎರಡರಲ್ಲೂ ರಕ್ತ ಕಡಿಮೆ. ಎರಡೂ ಎರಡನೆಯ ಮಹಾಯುದ್ಧದ್ದು. ಇನ್ನೂ ಮುಖ್ಯವಾದದ್ದೆಂದರೆ, ಇವನು ಸಾಯುತ್ತಾನೆ ಎಂದು ಎರಡೂ ಮೊದಲ ಕೆಲವು ನಿಮಿಷಗಳಲ್ಲೇ ಹೇಳಿಬಿಡುತ್ತವೆ. ಇಷ್ಟು ಹೋಲಿಕೆಯಿದ್ದೂ ಒಂದನ್ನು ನಾನು ಮೂರು ಸಲ ನೋಡಿದ್ದೇನೆ, ಇನ್ನೊಂದನ್ನು ಎರಡನೆಯ ಸಲ ನೋಡಲು ಕೂತು ಅರ್ಧಕ್ಕೆ ನಿಲ್ಲಿಸಿದೆ. ಯಾಕೆ ಎಂಬುದೇ ನನ್ನ ಕುತೂಹಲ.

‘ಬ್ಯಾಲೆಡ್’ ಶುರುವಾಗುವುದು ಕಪ್ಪು ಬಟ್ಟೆಯ ಹೆಂಗಸೊಬ್ಬಳು ಊರಾಚೆಯ ರಸ್ತೆಗೆ ನಡೆದು ಬಂದು ನಿಂತು ದೂರ ನೋಡುವುದರಿಂದ. ಇವಳು ಕಾಯುತ್ತಿರುವ ಮಗ ಬರುವುದಿಲ್ಲ, ದೂರದ ಪರನಾಡಿನಲ್ಲಿ ಮಣ್ಣಾಗಿದ್ದಾನೆ, ಅಲ್ಲಿ ಅಪರಿಚಿತರು ಅವನ ಸಮಾಧಿಗೆ ಹೂ ಇಡುತ್ತಾರೆ ಎಂದು ನಿರೂಪಕನ ದನಿ ತಿಳಿಸುತ್ತದೆ. ಅವನ ಬಗ್ಗೆ ಅವಳಿಗೂ ಗೊತ್ತಿಲ್ಲದ್ದನ್ನು ಹೇಳುತ್ತೇವೆ ಎಂದು ಕಥೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ‘ಬದುಕುತ್ತಾನೋ ಇಲ್ಲವೋ’ ಎಂಬ ಪ್ರಶ್ನೆಯೇ ಇಲ್ಲ. ಯುದ್ಧದ ಚಿತ್ರಗಳು ನಮ್ಮನ್ನು ಕುರ್ಚಿಯ ಅಂಚಿಗೆ ತರುವುದು ಈ ಪ್ರಶ್ನೆಯಿಂದಲೇ ಅಲ್ಲವೇ? ಅದನ್ನು ಚುಖ್ರಾಯ್ ಬಾಗಿಲಲ್ಲೇ ಕಿತ್ತುಹಾಕುತ್ತಾನೆ.

ಹತ್ತೊಂಬತ್ತು ವರ್ಷದ ಅಲ್ಯೋಷಾ ಸೇನೆಯ ಸಂದೇಶವಿಭಾಗದ ಹುಡುಗ. ಟ್ಯಾಂಕೊಂದು ಅವನನ್ನು ಬಯಲಲ್ಲಿ ಅಟ್ಟಿಸಿಕೊಂಡು ಬರುತ್ತದೆ. ಓಡುತ್ತಿರುವಾಗ ಕ್ಯಾಮೆರಾ ತಿರುಗಿ ನೆಲ ಮೇಲೆ, ಆಕಾಶ ಕೆಳಗೆ ಆಗುತ್ತದೆ. ಇಡೀ ಚಿತ್ರದಲ್ಲಿ ರಣರಂಗ ಕಾಣುವುದು ಇಷ್ಟೇ. ಅವನು ಎರಡು ಟ್ಯಾಂಕುಗಳನ್ನು ಹೊಡೆಯುತ್ತಾನೆ, ಆದರೆ ಜನರಲ್ ಮುಂದೆ ನಿಂತು ಒಪ್ಪಿಕೊಳ್ಳುವುದು ತನಗೆ ಹೆದರಿಕೆಯಾಯಿತೆಂದು. ಪದಕದ ಬದಲು ಊರಿಗೆ ಹೋಗಿ ಅಮ್ಮನ ಮನೆಯ ಸೋರುವ ಮಾಡು ರಿಪೇರಿ ಮಾಡಿ ಬರಲು ರಜೆ ಕೇಳುತ್ತಾನೆ. ಸಿಗುವುದು ಆರು ದಿನ: ಹೋಗಲು ಎರಡು, ಮಾಡಿಗೆ ಎರಡು, ಬರಲು ಎರಡು.

ಇಲ್ಲಿಂದ ಚಿತ್ರ ಒಂದು ಲೆಕ್ಕದ ಪುಸ್ತಕವಾಗುತ್ತದೆ. ಹೊರಡುವಾಗ ದಾರಿಯಲ್ಲಿ ಎದುರಾದ ಪಾವ್ಲೋವ್ ಎಂಬ ಸೈನಿಕ ತನ್ನ ಹೆಂಡತಿಗೆ ಏನಾದರೂ ಕಳಿಸಬೇಕೆಂದು ಒದ್ದಾಡುತ್ತಾನೆ. ಕಳಿಸಲು ಏನೂ ಇಲ್ಲ. ಕೊನೆಗೆ ತುಕಡಿಯ ಪಾಲಿಗೆ ಬಂದಿದ್ದ ಎರಡು ಸೋಪುಗಳನ್ನೇ ಕೊಡುತ್ತಾರೆ. ನಿಲ್ದಾಣದಲ್ಲಿ ಒಂದು ಕಾಲು ಕಳೆದುಕೊಂಡ ವಾಸ್ಯಾನ ಪೆಟ್ಟಿಗೆ ಕಾಯುತ್ತ ಅಲ್ಯೋಷಾನ ರೈಲು ತಪ್ಪುತ್ತದೆ. ಇನ್ನು ಮನೆಗೆ ಬರುವುದಿಲ್ಲ ಎಂದು ವಾಸ್ಯಾ ಹೆಂಡತಿಗೆ ತಂತಿ ಕಳಿಸಲು ಹೋದರೆ ಕೌಂಟರಿನ ಹೆಂಗಸು ಅವನನ್ನು ಝಾಡಿಸುತ್ತಾಳೆ. ವಾಸ್ಯಾನ ಊರಿನ ಪ್ಲಾಟ್‌ಫಾರಂನಲ್ಲಿ ಹೆಂಡತಿ ಕಾಣುವುದಿಲ್ಲ. ಅಲ್ಯೋಷಾ ಅವನನ್ನು ಒಂಟಿಯಾಗಿ ಬಿಟ್ಟು ಹೋಗುವುದಿಲ್ಲ. ಕೊನೆಗೆ ಅವಳು ಓಡಿ ಬರುತ್ತಾಳೆ. ಮುಂದೆ ಸಾಮಾನು ಗಾಡಿಯ ಹುಲ್ಲಿನ ನಡುವೆ ಶುರಾ ಎಂಬ ಹುಡುಗಿ. ಅವಳಿಗೆ ನೀರು ತರಲು ಇಳಿದವನು ರೇಡಿಯೋದಲ್ಲಿ ಯುದ್ಧದ ಸುದ್ದಿ ಕೇಳುತ್ತ ನಿಂತು ಮತ್ತೆ ರೈಲು ತಪ್ಪಿಸಿಕೊಳ್ಳುತ್ತಾನೆ. ಪ್ರತಿ ನಿಲುಗಡೆಯಲ್ಲೂ ನಾವು ಮನಸ್ಸಿನಲ್ಲೇ ಕಳೆಯುತ್ತಿರುತ್ತೇವೆ: ಇನ್ನು ನಾಲ್ಕು ದಿನ, ಮೂರು, ಒಂದೂವರೆ.

ಸೋಪಿನ ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಚಿತ್ರದ ಜೀವ ಇರುವುದು ಅಲ್ಲೇ ಎಂದು ನನಗನ್ನಿಸುತ್ತದೆ. ಪಾವ್ಲೋವ್ ಕೊಟ್ಟ ವಿಳಾಸದ ಮನೆ ಬಾಂಬಿಗೆ ಬಿದ್ದುಹೋಗಿದೆ. ಅಕ್ಕಪಕ್ಕದವರನ್ನು ಕೇಳಿ ಹೆಂಡತಿ ಈಗಿರುವ ಮನೆಗೆ ಅಲ್ಯೋಷಾ ಮತ್ತು ಶುರಾ ಹೋಗುತ್ತಾರೆ. ಮೆಟ್ಟಿಲ ಮೇಲೆ ಹುಡುಗನೊಬ್ಬ ಸೋಪಿನ ನೊರೆಯಿಂದ ಗುಳ್ಳೆ ಊದುತ್ತಿದ್ದಾನೆ. ಮುಂಚೂಣಿಯಲ್ಲಿ ಒಂದು ತುಕಡಿ ತನ್ನ ಪಾಲಿನ ಸೋಪನ್ನೆಲ್ಲ ಕಟ್ಟಿಕೊಟ್ಟಿದೆ, ಇಲ್ಲಿ ಅದು ಮಗುವಿನ ಆಟಕ್ಕೆ ಸಿಗುವಷ್ಟಿದೆ. ಒಂದು ಮಾತಿಲ್ಲದೆ ನಮಗೆ ಎಲ್ಲ ತಿಳಿಯುತ್ತದೆ. ಒಳಗೆ ಆ ಹೆಂಗಸು ಇನ್ನೊಬ್ಬನೊಂದಿಗೆ ಬದುಕುತ್ತಿದ್ದಾಳೆ. ಅಲ್ಯೋಷಾ ಸೋಪು ಕೊಟ್ಟು ಹೊರಬೀಳುತ್ತಾನೆ, ಮೆಟ್ಟಿಲಿಳಿದವನು ಮತ್ತೆ ಹತ್ತಿ ಹೋಗಿ ಸೋಪನ್ನು ವಾಪಸು ತೆಗೆದುಕೊಳ್ಳುತ್ತಾನೆ. ಅದನ್ನು ಬಾಂಬಿನಿಂದ ಮನೆ ಕಳೆದುಕೊಂಡವರ ನಡುವೆ ಹಾಸಿಗೆ ಹಿಡಿದಿರುವ ಪಾವ್ಲೋವ್‌ನ ತಂದೆಗೆ ಮುಟ್ಟಿಸಿ, ನಿಮ್ಮ ಮಗ ಭಾರೀ ಧೈರ್ಯವಂತ ಎಂದು ಇಲ್ಲದ್ದನ್ನು ಸೇರಿಸಿ ಹೇಳುತ್ತಾನೆ. ಅಷ್ಟರಲ್ಲಿ ಇನ್ನೊಂದಿಷ್ಟು ಗಂಟೆಗಳು ಹೋಗಿವೆ.

ಊರು ಹತ್ತಿರವಾದಾಗ ರೈಲಿನ ಮೇಲೆ ಬಾಂಬು ಬೀಳುತ್ತದೆ, ಸೇತುವೆ ಮುರಿಯುತ್ತದೆ. ಕೊನೆಗೆ ಯಾರದೋ ಲಾರಿ ಹತ್ತಿ ಅಲ್ಯೋಷಾ ಊರು ಮುಟ್ಟುತ್ತಾನೆ. ಹೊಲದಲ್ಲಿದ್ದ ಅಮ್ಮ ಸುದ್ದಿ ಕೇಳಿ ಓಡಿ ಬರುತ್ತಾಳೆ. ಆರು ದಿನದಲ್ಲಿ ಉಳಿದಿರುವುದು ಕೆಲವೇ ನಿಮಿಷ. ರಸ್ತೆಯಲ್ಲೇ ಅಪ್ಪುಗೆ, ಲಾರಿಯವನು ಹಾರನ್ ಹೊಡೆಯುತ್ತಾನೆ, ಮಾಡು ಸೋರುತ್ತಲೇ ಇರುತ್ತದೆ. ವಾಪಸು ಬರುತ್ತೇನಮ್ಮ ಎಂದು ಅವನು ಹೊರಟುಹೋಗುತ್ತಾನೆ. ಅವನ ಸಾವನ್ನು ಚಿತ್ರ ತೋರಿಸುವುದೇ ಇಲ್ಲ.

ಇನ್ನು ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’. ಅಲ್ಲಿ 1945ರ ಸೆಪ್ಟೆಂಬರ್ 21ರ ರಾತ್ರಿ ಕೋಬೆ ನಗರದ ಸನ್ನೊಮಿಯಾ ನಿಲ್ದಾಣದಲ್ಲಿ ಹದಿನಾಲ್ಕರ ಸೇಯಿತಾ ಕಂಬಕ್ಕೊರಗಿ ಸಾಯುತ್ತಾನೆ. ಅವನ ಕೈಯಲ್ಲಿದ್ದ ಪೆಪ್ಪರಮಿಂಟಿನ ಡಬ್ಬಿಯನ್ನು ನಿಲ್ದಾಣದ ಕೆಲಸಗಾರ ಹೊರಗೆಸೆಯುತ್ತಾನೆ. ಅದರಿಂದ ಪುಟ್ಟ ಮೂಳೆಯ ಚೂರುಗಳು ಬೀಳುತ್ತವೆ, ನಾಲ್ಕು ವರ್ಷದ ತಂಗಿ ಸೆತ್ಸುಕೋಳವು. ಕಥೆ ಹಿಂದಕ್ಕೆ ಹೋಗುತ್ತದೆ. ವಾಯುದಾಳಿಯಲ್ಲಿ ತಾಯಿ ಸುಟ್ಟು ಸಾಯುತ್ತಾಳೆ, ಮಕ್ಕಳು ಬಂಧುವೊಬ್ಬಳ ಮನೆ ಸೇರುತ್ತಾರೆ, ಅವಳ ಕುಟುಕು ಮಾತು ತಾಳದೆ ಕೆರೆಯ ಬದಿಯ ಪಾಳು ಬಂಕರಿಗೆ ಹೋಗಿ ಇರುತ್ತಾರೆ. ಆಮೇಲೆ ಹಸಿವು.

ಇಲ್ಲಿಯೂ ನಾವು ಲೆಕ್ಕ ಹಾಕುತ್ತೇವೆ, ಆದರೆ ಅಕ್ಕಿಯದ್ದು. ಮತ್ತೆ ಮತ್ತೆ ಒಂದು ಯೋಚನೆ ಚುಚ್ಚುತ್ತದೆ: ಇದನ್ನು ತಡೆಯಬಹುದಿತ್ತಲ್ಲ. ತಾಯಿ ಬ್ಯಾಂಕಿನಲ್ಲಿಟ್ಟ ಏಳು ಸಾವಿರ ಯೆನ್ ಇದೆ. ಹೋಗಿ ಆ ಹೆಂಗಸಿನ ಕಾಲು ಹಿಡಿದು ಅಲ್ಲೇ ಇರು ಎಂದು ರೈತನೊಬ್ಬ ಬುದ್ಧಿ ಹೇಳುತ್ತಾನೆ. ಸೇಯಿತಾ ಹೋಗುವುದಿಲ್ಲ. ಅವನು ಉಳಿದ ಹಣ ತೆಗೆದು ಊಟ ತರುವ ಹೊತ್ತಿಗೆ ತಂಗಿ ಗೋಲಿಯನ್ನು ಪೆಪ್ಪರಮಿಂಟೆಂದು ಚೀಪುತ್ತಿದ್ದಾಳೆ, ಮಣ್ಣಿನುಂಡೆಯನ್ನು ಅನ್ನವೆಂದು ಅಣ್ಣನಿಗೆ ನೀಡುತ್ತಾಳೆ. ಪ್ರತಿ ತಿರುವಿನಲ್ಲೂ ಪರದೆಯೊಳಗೆ ಕೈಹಾಕಿ ಆ ಹುಡುಗನ ಹೆಗಲು ಹಿಡಿದು ತಿರುಗಿಸಬೇಕು ಅನ್ನಿಸುತ್ತದೆ. ಇದು ಯುದ್ಧವಿರೋಧಿ ಚಿತ್ರವಲ್ಲ ಎಂದು ತಕಹಾತಾ ಹಲವು ಸಲ ಹೇಳಿದ್ದಾನೆ. ಸಮಾಜದಿಂದ ತಮ್ಮನ್ನು ಕತ್ತರಿಸಿಕೊಂಡ ಇಬ್ಬರು ಮಕ್ಕಳ ಸೋಲಿನ ಕಥೆಯಾಗಿಯೇ ಅವನಿಗೆ ಅದು ಕಂಡಿತ್ತು. ಯಾರೂ ಅವನ ಮಾತನ್ನು ಪೂರ್ತಿ ನಂಬಲಿಲ್ಲ; ಆದರೆ ಚಿತ್ರ ನಮ್ಮನ್ನು ಹಿಂಡುವ ಬಗೆಯನ್ನು ಆ ಮಾತು ಚೆನ್ನಾಗಿ ವಿವರಿಸುತ್ತದೆ. ಮೂಲ ಕಥೆ ಬರೆದ ನೊಸಾಕಾ ಅಕಿಯುಕಿ ಯುದ್ಧಕಾಲದಲ್ಲಿ ಪೌಷ್ಟಿಕ ಆಹಾರವಿಲ್ಲದೆ ಸತ್ತ ಪುಟ್ಟ ತಂಗಿಯ ನೆನಪನ್ನು ಹೊತ್ತವನು. ಆ ಅಪರಾಧಪ್ರಜ್ಞೆಯೇ ಚಿತ್ರವನ್ನು ದಾಟಿ ನಮ್ಮ ಹೆಗಲಿಗೂ ಬರುತ್ತದೆ.

ನನಗೆ ಕಂಡ ವ್ಯತ್ಯಾಸ ಇಲ್ಲಿದೆ. ಸೇಯಿತಾನ ಕಥೆಯಲ್ಲಿ ನಮ್ಮ ಮನಸ್ಸು ಪ್ರತಿ ಹೆಜ್ಜೆಗೂ ‘ಬೇಡ’ ಎನ್ನುತ್ತದೆ. ಅಲ್ಯೋಷಾನ ಕಥೆಯಲ್ಲಿ ಹಾಗೆನ್ನಲು ಆಗುವುದಿಲ್ಲ. ಅವನು ಬೇಗ ಮನೆ ಸೇರಲಿ ಎಂದು ಹಾರೈಸುತ್ತೇವೆ. ಆದರೆ ಅದಕ್ಕಾಗಿ ಅವನು ಏನನ್ನು ಬಿಡಬೇಕಿತ್ತು? ಕುಂಟ ವಾಸ್ಯಾನನ್ನು ಪ್ಲಾಟ್‌ಫಾರಂನಲ್ಲಿ ಬಿಟ್ಟು ಹೋಗಬೇಕಿತ್ತೇ? ಶುರಾಳಿಗೆ ನೀರು ತರಬಾರದಿತ್ತೇ? ಪಾವ್ಲೋವ್‌ನ ತಂದೆಯನ್ನು ಹುಡುಕಬಾರದಿತ್ತೇ? ಒಂದನ್ನೂ ಅಳಿಸಲು ಮನಸ್ಸು ಬರುವುದಿಲ್ಲ. ಅವನ ನಷ್ಟ ಆಗಿರುವುದು ಅವನ ಒಳ್ಳೆಯತನದ ಕೈಯಿಂದಲೇ, ಗಂಟೆ ಗಂಟೆಯಾಗಿ. ಹಾಗಾಗಿ ಅದನ್ನು ಸಹಿಸುತ್ತೇವೆ, ಆದರೆ ಕಡಿಮೆ ದುಃಖಿಸುವುದಿಲ್ಲ. ಆ ಕೊನೆಯ ಕೆಲವು ನಿಮಿಷಗಳಲ್ಲಿ ನಾನು ಮೂರನೆಯ ಸಲವೂ ಅತ್ತಿದ್ದೇನೆ. ಅತ್ತ ಮೇಲೆ ಪಾತ್ರಗಳ ಬಗ್ಗೆ ಮಾತಾಡಲು ಬಾಯಿ ಉಳಿದಿತ್ತು.

ಜಪಾನಿನಲ್ಲಿ ತಕಹಾತಾನ ಚಿತ್ರ ಮೊದಲು ಬಿಡುಗಡೆಯಾದದ್ದು ಮಿಯಾಜಾಕಿಯ ‘ಮೈ ನೇಬರ್ ಟೊಟೊರೊ’ ಜೊತೆಗೆ, ಒಂದೇ ಟಿಕೆಟ್ಟಿನಲ್ಲಿ ಎರಡೂ. ಈ ಮಾಹಿತಿ ಓದಿದಾಗ ಆ ಮಕ್ಕಳ ಅಪ್ಪ ಅಮ್ಮಂದಿರ ಪಾಡು ನೆನೆದು ನಗು ಬಂತು. ಆದರೆ ಚಿತ್ರಮಂದಿರದವರಿಗೂ ಏನೋ ಗೊತ್ತಿದ್ದಿರಬೇಕು.

ಗೆಳೆಯನ ಆಕ್ಷೇಪವನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ಸಹಿಸಬಲ್ಲದ್ದು ಸಲೀಸಾದದ್ದಾಗಿ ಜಾರುವ ಅಪಾಯ ನಿಜ. ಯುದ್ಧದ ಬಗೆಗಿನ ಯಾವ ಚಿತ್ರವೂ ಕೊನೆಗೆ ಯುದ್ಧದ ಪರವಾಗಿಯೇ ನಿಲ್ಲುತ್ತದೆ ಎಂಬರ್ಥದ ಮಾತನ್ನು ತ್ರುಫೋ ಆಡಿದ್ದ. ಪರದೆಯ ಮೇಲೆ ಕಾದಾಟ ರೋಮಾಂಚನ ಕೊಡುತ್ತದೆ, ಅದನ್ನು ತಡೆಯುವುದು ಕಷ್ಟ. ಅದಕ್ಕೇ ಆರಿಸುವಾಗ ನಾನು ಮೊದಲು ನೋಡುವುದು ರಣರಂಗದ ದೃಶ್ಯವನ್ನು. ಅದು ಮುಗಿದಾಗ ನನಗೆ ‘ಇನ್ನೊಮ್ಮೆ’ ಅನ್ನಿಸಿದರೆ, ಕೊನೆಯಲ್ಲಿ ಎಷ್ಟೇ ಶಿಲುಬೆಗಳ ಸಾಲು ತೋರಿಸಿದರೂ ಆ ಚಿತ್ರ ನಮ್ಮ ಹಾಲಿಗೆ ಬೇಡ. ತಲೆಕೆಳಗಾದ ಆ ಬಯಲಲ್ಲಿ ಟ್ಯಾಂಕಿನ ಮುಂದೆ ಓಡುವ ಅಲ್ಯೋಷಾನನ್ನು ನೋಡಿ ಯಾರಿಗೂ ಇನ್ನೊಮ್ಮೆ ಅನ್ನಿಸಲಾರದು. ಎರಡನೆಯದಾಗಿ, ಯುದ್ಧದಲ್ಲಿಲ್ಲದವರಿಗೆ ಚಿತ್ರದಲ್ಲಿ ಎಷ್ಟು ಜಾಗವಿದೆ ಎಂದು ನೋಡುತ್ತೇನೆ. ತಂತಿ ಕಚೇರಿಯ ಹೆಂಗಸು, ಮಳೆಯಲ್ಲಿ ಲಾರಿ ಓಡಿಸುವ ಮುದುಕಿ, ಟಿನ್ ಮಾಂಸದ ಲಂಚಕ್ಕೆ ಬಾಯಿ ಬಿಡುವ ಗಾಡಿಯ ಕಾವಲುಗಾರ: ಇಂಥವರು ಬಂದಾಗಲೆಲ್ಲ ಉಸಿರಾಡಲು ಜಾಗ ಸಿಗುತ್ತದೆ, ಯುದ್ಧ ಯಾರ್‍ಯಾರನ್ನು ಮುಟ್ಟಿದೆ ಎಂಬುದೂ ಗೊತ್ತಾಗುತ್ತದೆ.

ದುಃಖದ ದಾರಿ ಹಿಡಿಯದ ಒಂದು ಚಿತ್ರವೂ ನನ್ನ ಪಟ್ಟಿಯಲ್ಲಿತ್ತು, ಕುಬ್ರಿಕ್‌ನ ‘ಪಾಥ್ಸ್ ಆಫ್ ಗ್ಲೋರಿ’ (1957). ಮೊದಲ ಮಹಾಯುದ್ಧದಲ್ಲಿ ಅಸಾಧ್ಯವಾದ ದಾಳಿಯೊಂದು ವಿಫಲವಾದಾಗ ಫ್ರೆಂಚ್ ಸೇನಾಧಿಕಾರಿಗಳು ತಮ್ಮದೇ ಮೂವರು ಸೈನಿಕರನ್ನು ಹೇಡಿಗಳೆಂದು ಗುಂಡಿಕ್ಕಿಸುತ್ತಾರೆ. ಅದನ್ನು ನೋಡಿಸಿಕೊಂಡು ಹೋಗುವುದು ಸಿಟ್ಟು. ಸಿಟ್ಟಿರುವಾಗ ಮನುಷ್ಯ ಎದ್ದು ಹೋಗುವುದಿಲ್ಲ. ಫ್ರಾನ್ಸ್‌ನಲ್ಲಿ ಅದು ತೆರೆ ಕಂಡದ್ದು 1975ರಲ್ಲಿ, ಅಷ್ಟು ಚುರುಕು ಅದಕ್ಕಿತ್ತು. ಆದರೆ ಸಿಟ್ಟಿಗೊಂದು ತೊಂದರೆಯಿದೆ, ಅದು ನಮ್ಮನ್ನು ತಕ್ಷಣ ಸರಿಯಾದ ಪಕ್ಷಕ್ಕೆ ಸೇರಿಸಿಬಿಡುತ್ತದೆ. ಕ್ರೂರಿ ಜನರಲ್‌ಗಳನ್ನು ಬೈದು ಮನೆಗೆ ಹೋಗಬಹುದು. ಕುಬ್ರಿಕ್‌ಗೂ ಇದು ತಿಳಿದಿತ್ತೆಂದೇ ಕೊನೆಯಲ್ಲಿ, ಸೆರೆ ಸಿಕ್ಕ ಜರ್ಮನ್ ಹುಡುಗಿ ಹೆದರುತ್ತ ಹಾಡುವಾಗ ಅವಳನ್ನು ಗೇಲಿ ಮಾಡುತ್ತಿದ್ದ ಸೈನಿಕರೇ ಕಣ್ಣೀರಿಟ್ಟು ದನಿಗೂಡಿಸುವ ದೃಶ್ಯವನ್ನು ಇಟ್ಟಿದ್ದಾನೆ.

‘ಬ್ಯಾಲೆಡ್’ನ ಮಿತಿಯನ್ನೂ ಹೇಳದೆ ಬಿಟ್ಟರೆ ಗೆಳೆಯ ಸುಮ್ಮನಿರಲಾರ. ಅದು ಸೋವಿಯತ್ ಚಿತ್ರ. ಅದರಲ್ಲಿ ಯಾರೂ ಈ ಯುದ್ಧ ಯಾಕೆ ಎಂದು ಕೇಳುವುದಿಲ್ಲ. ಮನೆಗೇ ನುಗ್ಗಿದ ಹಿಟ್ಲರನ ಸೇನೆಯ ಎದುರು ಕೇಳುವ ಪ್ರಶ್ನೆಯೂ ಅದಲ್ಲ. ಅಲ್ಯೋಷಾ ಸ್ವಲ್ಪ ಅತಿಯಾಗಿಯೇ ಒಳ್ಳೆಯವನು. ಪಾವ್ಲೋವ್‌ನ ಹೆಂಡತಿಯ ಕಡೆಯ ಕಥೆಯನ್ನು ಚಿತ್ರ ಕೇಳಿಸಿಕೊಳ್ಳುವುದೇ ಇಲ್ಲ. ಅದು ನನಗೆ ಪ್ರತಿ ಸಲವೂ ಕಿರಿಕಿರಿ. ಚುಖ್ರಾಯ್ ಸ್ವತಃ ಆ ಯುದ್ಧದಲ್ಲಿ ಹೋರಾಡಿ ಗಾಯಗೊಂಡವನು. ಸತ್ತ ಜೊತೆಗಾರರ ಪರವಾಗಿ ಮಾತಾಡುವವನ ಕುರುಡುತನವೊಂದು ಅದರಲ್ಲಿ ಉಳಿದಿದೆ.

ಅದನ್ನೇ ತೋರಿಸಿದೆವು. ಬಾಗಿಲು ಒಂದೇ ಸಲ ತೆರೆಯಿತು, ಅದೂ ಚಹಾ ತಂದವನಿಗಾಗಿ. ಮುಗಿದ ಮೇಲೆ ಜಗಳ ಹತ್ತಿದ್ದು ನಾನು ಎಣಿಸಿರದ ಕಡೆ. ಅಲ್ಯೋಷಾ ಸೋಪು ವಾಪಸು ತೆಗೆದುಕೊಂಡದ್ದು ಸರಿಯೇ? “ಗಂಡ ಕಳಿಸಿದ್ದು ಅವಳಿಗೆ, ಕಿತ್ತುಕೊಳ್ಳೋಕೆ ಇವನ್ಯಾರು?” ಎಂದು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದ್ದ ಅದೇ ಹುಡುಗಿ ಕೇಳಿದಳು. “ತುಕಡಿಯವರೆಲ್ಲ ಕೈ ತೊಳೆಯದೆ ಕೊಟ್ಟಿದ್ದು, ಅವರನ್ನ ಯಾರು ಕೇಳ್ತಾರೆ?” ಎಂದು ಗೆಳೆಯ ಎದ್ದುನಿಂತ. ಅವಳು ಬಿಡಲಿಲ್ಲ. ಬಾಂಬು ಬಿದ್ದ ಊರಿನಲ್ಲಿ ಒಂಟಿ ಹೆಂಗಸು ಏನು ಮಾಡಬೇಕಿತ್ತೆಂದು ಕೇಳಿದಳು, ಆ ಮನೆಗೆ ಅಷ್ಟು ಸೋಪು ಎಲ್ಲಿಂದ ಬಂತೆಂದು ಇನ್ನೊಬ್ಬ ಕೇಳಿದ. ಕಿಟಕಿಯ ಬೆಡ್‌ಶೀಟ್ ಬಿಚ್ಚಿ ಮಡಚುವವರೆಗೂ ಮಾತು ನಡೆದೇ ಇತ್ತು. ವಾಚ್‌ಮನ್ ಬಂದು ದೀಪ ಆರಿಸಬೇಕೆಂದಾಗ ಪಾವ್ಲೋವ್ ವಾಪಸು ಬಂದರೆ ಅವನಿಗೆ ಯಾರು ಏನು ಹೇಳಬೇಕು ಎಂಬಲ್ಲಿಗೆ ಬಂದಿದ್ದೆವು.